ಬಯೋದಲ್ಲಿರುವ ಲಿಂಕ್ ಒತ್ತಿದರೆ ವಾಟ್ಸಾಪ್ ತೆರೆಯುತ್ತಿಲ್ಲ

ಪ್ರಶ್ನೆ (ಬೊಟಿಕ್ ನಡೆಸುವವರು): ಇನ್‌ಸ್ಟಾಗ್ರಾಂನಲ್ಲಿ ನನ್ನ ಬೊಟಿಕ್ ಪೇಜ್ ಇದೆ. ಬಯೋದಲ್ಲಿ ವಾಟ್ಸಾಪ್ ಲಿಂಕ್ ಹಾಕಿದ್ದೇನೆ, ಒತ್ತಿದರೆ ನಂಬರ್ ಸರಿಯಿಲ್ಲ ಅಂತ ಬರುತ್ತದೆ. ಅದಕ್ಕೆ ಬಯೋದಲ್ಲೇ ನಂಬರ್ ಬರೆದೆ. ಈಗ ಕೆಲವರು ಹೇಗೋ ಬರುತ್ತಾರೆ, ಆದರೆ ಸುಮ್ನೆ "ಹಾಯ್, ರೇಟ್?" ಅಂತಾರೆ. ಯಾವ ಡ್ರೆಸ್ ಅಂತ ಕೇಳುವಷ್ಟರಲ್ಲಿ ಮಾಯ. ಏನು ಮಾಡಲಿ?

ಒಬ್ಬ ಸದಸ್ಯ: ಮೇಡಂ, ನಂಬರ್ ಮುಂದೆ ದೇಶದ ಕೋಡ್ ಇಲ್ಲ ಅನ್ಸತ್ತೆ. ಪ್ಲಸ್ 91 ಹಾಕಿ. ಹಾಗೇ ಪ್ರತಿ ಪೋಸ್ಟಿನ ಕೆಳಗೂ ಲಿಂಕ್ ಪೇಸ್ಟ್ ಮಾಡಿ, ಜನಕ್ಕೆ ಸುಲಭ.

ಅಂಗಡಿಗಳ ಪೇಜ್ ನೋಡಿಕೊಳ್ಳುವವರು: ದೇಶದ ಕೋಡ್ ಬೇಕು, ಅದು ಸರಿ. ಪ್ಲಸ್ ಬೇಡ. ಮುಂದಿನ ಸೊನ್ನೆ, ನಡುವಿನ ಗೆರೆ, ಜಾಗ ಯಾವುದೂ ಬೇಡ, ಬರೀ ಅಂಕಿ. ಇನ್ನು ಪೋಸ್ಟಿನ ಕ್ಯಾಪ್ಷನ್‌ನಲ್ಲಿ ಹಾಕಿದ ಲಿಂಕ್ ಒತ್ತಲು ಬರುವುದಿಲ್ಲ, ಬರೀ ಅಕ್ಷರವಾಗಿ ಕೂರುತ್ತದೆ. ಅಲ್ಲಿ "ಆರ್ಡರ್‌ಗೆ ಬಯೋದ ಲಿಂಕ್" ಅಂತ ಬರೆದರೆ ಸಾಕು. ಮೇಡಂ, ನಿಮ್ಮ ಲಿಂಕ್ ಹೇಗಿದೆ, ನಂಬರ್ ಮುಚ್ಚಿ ಇಲ್ಲಿ ಹಾಕಿ.

ಬೊಟಿಕ್ ನಡೆಸುವವರು: `wa.me/0XXXXXXXXXX` ಹೀಗಿದೆ ಸರ್.

ಅಂಗಡಿಗಳ ಪೇಜ್ ನೋಡಿಕೊಳ್ಳುವವರು: ಆ ಸೊನ್ನೆಯೇ ತೊಂದರೆ. ಅದನ್ನು ತೆಗೆದು 91 ಹಾಕಿ. ಹೇಗೂ ಲಿಂಕ್ ಬದಲಿಸುತ್ತಿದ್ದೀರಿ, "ಹಾಯ್, ರೇಟ್?" ಕಾಟಕ್ಕೂ ಅದರಲ್ಲೇ ದಾರಿ ಇದೆ. ಗಿರಾಕಿ ಚಾಟ್ ತೆರೆದಾಗ ಮೆಸೇಜ್ ಮೊದಲೇ ಬರೆದಿಟ್ಟ ಹಾಗೆ ಕಾಣಲಿ:

```
https://wa.me/91XXXXXXXXXX?text=Code:%0ASize:
```

ಇಲ್ಲಿ `%0A` ಅಂದರೆ ಹೊಸ ಸಾಲು. ಪದಗಳ ನಡುವೆ ಜಾಗ ಬೇಕಾದರೆ `%20` ಹಾಕಿ. ಮೆಸೇಜಿನಲ್ಲಿ `&` ಗುರುತು ಬಳಸಬೇಡಿ, ಅಲ್ಲಿಂದ ಮುಂದಿನದು ಕತ್ತರಿಸಿ ಹೋಗುತ್ತದೆ. ಒಬ್ಬರ ಪೇಜಿನಲ್ಲಿ "Size & Colour" ಅಂತಿತ್ತು, ತಿಂಗಳುಗಟ್ಟಲೆ ಬರೀ "Size" ಬರುತ್ತಿತ್ತು, ಅವರು ಗಿರಾಕಿಗಳನ್ನು ಬೈಯುತ್ತಿದ್ದರು!

ಈ ಲಿಂಕನ್ನು ಬಯೋದ ಬರಹದೊಳಗೆ ಹಾಕಬೇಡಿ. `Edit profile` ಒಳಗೆ `Links` ಅಂತ ಬೇರೆ ಜಾಗ ಇದೆ, ಅಲ್ಲಿ ಹಾಕಿ. 5 ಲಿಂಕ್‌ವರೆಗೆ ಹಾಕಬಹುದು, ಆದರೆ ಒಂದಕ್ಕಿಂತ ಜಾಸ್ತಿ ಇದ್ದರೆ ಪ್ರೊಫೈಲ್‌ನಲ್ಲಿ ಒಂದೇ ಕಾಣುತ್ತದೆ. ಉಳಿದದ್ದಕ್ಕೆ ಇನ್ನೊಮ್ಮೆ ಒತ್ತಬೇಕು. ಆರ್ಡರ್ ಬೇಕಿದ್ದವರು ಒಂದೇ ಲಿಂಕ್ ಇಡುವುದು ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ.

ಬಯೋಗೆ ಇರುವುದು 150 ಅಕ್ಷರ. "ಪ್ರೀತಿಯಿಂದ ಹೊಲಿದದ್ದು" ಅಂತೆಲ್ಲ ಬರೆದು ಅದನ್ನು ಮುಗಿಸಬೇಡಿ. ಹೀಗಿರಲಿ:

> ನಿಮ್ಮ ಅಳತೆಗೆ ಬ್ಲೌಸ್, ಕುರ್ತಿ
> ಪೋಸ್ಟಿನಲ್ಲಿರುವ ಕೋಡ್ ನೋಡಿಕೊಳ್ಳಿ
> ಆರ್ಡರ್‌ಗೆ ಕೆಳಗಿನ ಲಿಂಕ್ ಒತ್ತಿ 👇

ಪ್ರತಿ ಪೋಸ್ಟಿನ ಮೊದಲ ಸಾಲಿನಲ್ಲೇ ಕೋಡ್ ಇರಬೇಕು: ಬ್ಲೌಸ್‌ಗೆ B12, ಕುರ್ತಿಗೆ K7, ಹೀಗೆ. ಅದಿಲ್ಲದಿದ್ದರೆ ಮೇಲಿನ ಮೆಸೇಜಿಗೆ ಅರ್ಥವೇ ಇಲ್ಲ. ಫೋಟೋ ಮೇಲೂ ಸಣ್ಣದಾಗಿ ಬರೆದರೆ ಇನ್ನೂ ಒಳ್ಳೆಯದು.

ಇನ್ನೊಬ್ಬರು (ಆಭರಣ ಮಾರುವವರು): ನನ್ನ ಪೇಜಿಗೂ ಬ್ಲೂ ಟಿಕ್ ಬೇಕು ಸರ್, ಅದಿಲ್ಲದೆ ಜನ ನಂಬಲ್ಲ ಅಲ್ವಾ? ಅದಕ್ಕೂ ಇದೇ ಲಿಂಕಾ?

ಅಂಗಡಿಗಳ ಪೇಜ್ ನೋಡಿಕೊಳ್ಳುವವರು: ಇಲ್ಲಮ್ಮ, ಅದು ಬೇರೆ ವಿಷಯ, ಬೇರೆಯಾಗಿ ಕೇಳಿ.

ಒಬ್ಬ ಸದಸ್ಯ: ಮೆಸೇಜ್ ಕನ್ನಡದಲ್ಲಿ ಇಡಬಹುದಾ? ನಾನು ಹಾಗೇ ಟೈಪ್ ಮಾಡಿದೆ, ಲಿಂಕ್ ಶೇಕಡಾ ಗುರುತುಗಳ ಮಾರುದ್ದ ಸಾಲಾಯಿತು.

ಅಂಗಡಿಗಳ ಪೇಜ್ ನೋಡಿಕೊಳ್ಳುವವರು: ಆಗುತ್ತದೆ, ಆದರೆ ಒಂದೊಂದು ಕನ್ನಡ ಅಕ್ಷರವೂ ಹಾಗೆ ಹಿಗ್ಗುತ್ತದೆ. ವಾಟ್ಸಾಪ್ ಬಿಸಿನೆಸ್ ಆ್ಯಪ್ ಇದ್ದರೆ `Short link` ಬಳಸಿ. ಮೆಸೇಜನ್ನು ಆ್ಯಪ್‌ನಲ್ಲೇ ಕನ್ನಡದಲ್ಲಿ ಬರೆದಿಡಬಹುದು, ಅದು ಚಿಕ್ಕ ಲಿಂಕ್ ಕೊಡುತ್ತದೆ.

ಮತ್ತೊಬ್ಬ ಸದಸ್ಯೆ: ಇಷ್ಟೆಲ್ಲ ಯಾಕೆ? ಬಿಸಿನೆಸ್ ಅಕೌಂಟ್ ಮಾಡಿ ವಾಟ್ಸಾಪ್ ನಂಬರ್ ಜೋಡಿಸಿದರೆ ಪ್ರೊಫೈಲ್‌ನಲ್ಲೇ ಬಟನ್ ಬರುತ್ತದೆ. ನಾನು ಲಿಂಕೇ ಹಾಕಿಲ್ಲ.

ಅಂಗಡಿಗಳ ಪೇಜ್ ನೋಡಿಕೊಳ್ಳುವವರು: ಬಟನ್ ಇರಲಿ ಅಕ್ಕ. ಆದರೆ ನಾನು ನೋಡಿದ ಪೇಜ್‌ಗಳಲ್ಲಿ ಅದು ಖಾಲಿ ಚಾಟ್ ತೆರೆಯುತ್ತದೆ. ಮತ್ತೆ "ಹಾಯ್" ಇಂದಲೇ ಶುರು.

ಮತ್ತೊಬ್ಬ ಸದಸ್ಯೆ: ನನಗೆ "ಹಾಯ್" ಅಂದವರ ಜೊತೆ ಮಾತಾಡಿದರೇ ಮಾರಾಟ ಆಗೋದು. ಫಾರಂ ತುಂಬಿ ಅಂದರೆ ಓಡಿಹೋಗ್ತಾರೆ.

ಅಂಗಡಿಗಳ ಪೇಜ್ ನೋಡಿಕೊಳ್ಳುವವರು: ಇರಬಹುದು. ಅದಕ್ಕೇ ಎರಡೇ ಸಾಲು ಇಟ್ಟೆ, ಹೆಸರು, ವಿಳಾಸ ಅಂತೆಲ್ಲ ಲಿಂಕಿನಲ್ಲಿ ಕೇಳಿಲ್ಲ. ಮೇಡಂ, ಹಾಕಿದ ಮೇಲೆ ನಿಮ್ಮ ಫೋನಿನಲ್ಲಿ ನೋಡಿದರೆ ಸಾಲದು. ನಿಮ್ಮ ನಂಬರ್ ಸೇವ್ ಮಾಡಿಕೊಳ್ಳದ ಯಾರದ್ದಾದರೂ ಫೋನಿನಲ್ಲಿ, ಇನ್‌ಸ್ಟಾಗ್ರಾಂ ಒಳಗಿಂದಲೇ ಒತ್ತಿಸಿ. ಬೇರೆಯವರ ಚಾಟ್ ತೆರೆದರೆ ಅಂಕಿ ತಪ್ಪಿದೆ ಅಂತ ಅರ್ಥ.

ಬೊಟಿಕ್ ನಡೆಸುವವರು: ತಂಗಿ ಫೋನಿನಲ್ಲಿ ಒತ್ತಿಸಿದೆ ಸರ್, ತೆರೆಯಿತು! ಸಂಜೆ ಮೂವರು ಬಂದರು. ಇಬ್ಬರು ಕೋಡ್ ತುಂಬಿದ್ದಾರೆ. ಮೂರನೆಯವರು "Code:" ಮುಂದೆ ಏನೂ ಬರೆಯದೆ ಕಳಿಸಿ, ಕೆಳಗೆ ಸ್ಕ್ರೀನ್‌ಶಾಟ್ ಹಾಕಿದ್ದಾರೆ. ಅದು ನನ್ನ ಡ್ರೆಸ್ಸೇ ಅಲ್ಲ, ಬೇರೆ ಯಾರದ್ದೋ ಪೇಜಿನದು.