ಸಹಾಯ ಬೇಕು: ಡೆಮೊ ಕೇಳಿದವರಿಗೆ ಏನೆಂದು ಉತ್ತರಿಸಲಿ?

ಶಿವಮೊಗ್ಗದಲ್ಲಿ ನಮ್ಮದು ಚಿಕ್ಕ ಅಡಿಕೆ ಮಂಡಿ. ಪರಿಚಯವೇ ಇಲ್ಲದ ಕಂಪನಿಯೊಂದು ಲೆಕ್ಕದ ಸಾಫ್ಟ್‌ವೇರ್ ತೋರಿಸಲು ಅರ್ಧ ಗಂಟೆ ಕೊಡಿ ಎಂದು ಇಮೇಲ್ ಕಳಿಸಿದೆ. ಅಣ್ಣ "ಆಮೇಲೆ ನೋಡೋಣ ಎಂದು ಬರೆದುಬಿಡು" ಎನ್ನುತ್ತಾರೆ. ನನಗೆ ಅದು ಸರಿಯೆನಿಸುತ್ತಿಲ್ಲ. ಮಾರುವವರ ಪಟ್ಟಿಯಲ್ಲಿ "ಆಮೇಲೆ" ಎಂದರೆ ಮತ್ತೆ ಫೋನ್ ಮಾಡಬಹುದು ಎಂದೇ ಅರ್ಥ. ಕೊಯ್ಲಿನ ಕಾಲದಲ್ಲಿ ಆ ಕಾಟ ಯಾರಿಗೆ ಬೇಕು?

ಎರಡು ಕರಡು ಬರೆದಿದ್ದೇನೆ.

"ಆಸಕ್ತಿ ಇದೆ. ಮೊದಲು ವಾರ್ಷಿಕ ದರ ತಿಳಿಸಿ. ಡೆಮೊದಲ್ಲಿ ನಿಮ್ಮ ಮಾದರಿ ಲೆಕ್ಕ ಬೇಡ. ಒಬ್ಬ ರೈತರ ಮಾಲು ರಾಶಿ, ಬೆಟ್ಟೆ, ಗೊರಬಲು ಎಂಬ ಬಗೆಗಳಾಗಿ ಬೇರೆಯಾದಾಗ ಚೀಲದ ತೂಕ, ಮುಂಗಡ ಕಳೆದು ಲೆಕ್ಕದ ಪಟ್ಟಿ ಹೇಗೆ ಬರುತ್ತದೆ, ಇಂಟರ್ನೆಟ್ ಹೋದರೆ ಏನಾಗುತ್ತದೆ ಎಂಬುದನ್ನು ತೋರಿಸಿ."

"ಬರೆದದ್ದಕ್ಕೆ ಧನ್ಯವಾದ. ಈಗಿನ ವ್ಯವಸ್ಥೆ ನಮಗೆ ಸಾಕು, ಬದಲಿಸುವುದಿಲ್ಲ. ದಯವಿಟ್ಟು ನಮ್ಮ ವಿಳಾಸವನ್ನು ಪಟ್ಟಿಯಿಂದ ತೆಗೆಯಿರಿ."

ಎರಡನೆಯದರಲ್ಲಿ ಕಾರಣವನ್ನು ಬೇಕೆಂದೇ ವಿವರಿಸಿಲ್ಲ. ದರ ಹೆಚ್ಚು ಎಂದರೆ ರಿಯಾಯಿತಿ ಹಿಡಿದು ಬರುತ್ತಾರೆ. ಆದರೆ ತೀರಾ ಒರಟಾಯಿತೇ? ಮಳೆಗಾಲದಲ್ಲಿ ಇಂಟರ್ನೆಟ್ ಇಲ್ಲದೆಯೂ ಇಂಥ ಸಾಫ್ಟ್‌ವೇರ್ ನಡೆಸುತ್ತಿರುವ ಮಂಡಿಯವರು ಇಲ್ಲಿದ್ದರೆ ತಿಳಿಸಿ, ಮೊದಲನೆಯದನ್ನೇ ಕಳಿಸುತ್ತೇನೆ.