ಅಪ್‌ಡೇಟ್: ಬಿ.ಕಾಂ. ಪದವಿಗೆ ಎಸಿಸಿಎಯಲ್ಲಿ ದೊರೆತ ವಿನಾಯಿತಿ

ನನ್ನ ಪ್ರಶ್ನೆ: "ಬೆಂಗಳೂರಿನಲ್ಲಿ ಬಿ.ಕಾಂ. ಮುಗಿಸಿ ಈಗ ಇಂಗ್ಲೆಂಡಿನಲ್ಲಿದ್ದೇನೆ. ಬ್ರಿಟನ್ನಿನ ಲೆಕ್ಕಪತ್ರ ವೃತ್ತಿಸಂಸ್ಥೆಯಾದ ಎಸಿಸಿಎಗೆ ಸೇರಿದರೆ ಎಷ್ಟು ಪರೀಕ್ಷೆ ಬರೆಯಬೇಕಾಗುತ್ತದೆ?"

ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ಪದವಿ ಪ್ರಮಾಣಪತ್ರ ಮತ್ತು ಎಲ್ಲ ಸೆಮಿಸ್ಟರ್‌ಗಳ ಅಂಕಪಟ್ಟಿಗಳನ್ನು ಪರಿಶೀಲಿಸಿದ ಸಂಸ್ಥೆಯು ನನಗೆ ನಾಲ್ಕು ಪತ್ರಿಕೆಗಳ ವಿನಾಯಿತಿ ನೀಡಿದೆ: ಮೊದಲ ಹಂತದ ಮೂರೂ ಪತ್ರಿಕೆಗಳು ಮತ್ತು ಎರಡನೆಯ ಹಂತದ ಕಾನೂನು ಪತ್ರಿಕೆ. ಒಟ್ಟು ಹದಿಮೂರರಲ್ಲಿ ಇನ್ನು ಒಂಬತ್ತು ಉಳಿದಿವೆ. ಭಾರತದಲ್ಲಿ ಸಿಎ ಪೂರ್ಣಗೊಳಿಸಿದವರಿಗೆ ಮೊದಲೆರಡು ಹಂತಗಳ ಒಂಬತ್ತು ಪತ್ರಿಕೆಗಳವರೆಗೆ ವಿನಾಯಿತಿ ಸಿಗಬಹುದು. ಕೊನೆಯ ಹಂತದ ನಾಲ್ಕು ಪತ್ರಿಕೆಗಳನ್ನು ಮಾತ್ರ ಯಾವ ಪದವಿಯಿದ್ದರೂ ಬರೆಯಲೇಬೇಕು.

ಹಣದ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ವಿನಾಯಿತಿ ಸಿಕ್ಕ ಪ್ರತಿ ಪತ್ರಿಕೆಗೂ ಶುಲ್ಕ ಕಟ್ಟಬೇಕಾಗುವುದರಿಂದ ಇಲ್ಲಿ ಉಳಿಯುವುದು ಮುಖ್ಯವಾಗಿ ಸಮಯವೇ. ವಿನಾಯಿತಿಯನ್ನು ನಿರಾಕರಿಸಿ ಪರೀಕ್ಷೆ ಬರೆಯುವ ಅವಕಾಶವೂ ಇದೆ. ಎರಡನೆಯ ಹಂತದ ಹಣಕಾಸು ವರದಿಗಾರಿಕೆಯ ಪತ್ರಿಕೆಯು ಮೊದಲ ಹಂತದ ಲೆಕ್ಕಶಾಸ್ತ್ರದ ಮೇಲೆಯೇ ನಿಂತಿರುವುದರಿಂದ, ಪದವಿ ಮುಗಿಸಿ ಬಹಳ ವರ್ಷಗಳಾದವರು ಆ ಲೆಕ್ಕಶಾಸ್ತ್ರ ಪತ್ರಿಕೆಯೊಂದನ್ನಾದರೂ ಬರೆಯುವುದು ಒಳ್ಳೆಯದೆಂದು ನನಗೆ ದೃಢವಾಗಿ ಅನಿಸುತ್ತದೆ. ನಾನು ಈಚೆಗಷ್ಟೇ ಓದಿ ಮುಗಿಸಿದ್ದರಿಂದ ನಾಲ್ಕನ್ನೂ ಸ್ವೀಕರಿಸಿ, ಎರಡನೆಯ ಹಂತದ ಕಾರ್ಯಕ್ಷಮತೆ ನಿರ್ವಹಣೆಯ ಪತ್ರಿಕೆಯಿಂದ ಆರಂಭಿಸುತ್ತಿದ್ದೇನೆ.

ಸದಸ್ಯತ್ವಕ್ಕೆ ಬೇಕಾದ 36 ತಿಂಗಳ ಕೆಲಸದ ಅನುಭವವನ್ನು ಈ ವಿನಾಯಿತಿ ಕಡಿಮೆ ಮಾಡುವುದಿಲ್ಲ. ಕೊನೆಯ ಹಂತದ ಮೊದಲ ಪತ್ರಿಕೆ ಪಾಸಾದ ದಿನದಿಂದ ಏಳು ವರ್ಷಗಳೊಳಗೆ ಆ ಹಂತದ ಉಳಿದ ಪತ್ರಿಕೆಗಳನ್ನೂ ಮುಗಿಸಬೇಕು.