ಶೇಂಗಾ ಅಲರ್ಜಿ ಇರುವವರು ಊಟಕ್ಕೆ ಬರುವಾಗ: ಪುಣೆಯ ಕನ್ನಡಿಗರ ಅನುಭವಗಳು

ಪ್ರಶ್ನೆ: "ಶನಿವಾರ ನಮ್ಮವರ ಸಹೋದ್ಯೋಗಿ ಊಟಕ್ಕೆ ಬರ್ತಿದ್ದಾರೆ. ಅವರಿಗೆ ಶೇಂಗಾ, ಗೋಡಂಬಿ ಎರಡೂ ಆಗಲ್ಲ, ಅಲರ್ಜಿ ಜೋರಾಗಿದೆಯಂತೆ. ನಮ್ಮದು ಧಾರವಾಡದ ಅಡುಗೆ, ಶೇಂಗಾ ಪುಡಿ ಇಲ್ಲದೆ ಪಲ್ಯವೇ ಆಗಲ್ಲ. ಏನು ಮಾಡಲಿ? ಏನಾದರೂ ಆದರೆ ಗುರುತಿಸೋದು ಹೇಗೆ?"

ಕೊಥ್ರುಡ್‌ನ ಒಬ್ಬ ತಾಯಿ: ನನ್ನ ಮಗನಿಗೂ ಶೇಂಗಾ ಅಲರ್ಜಿ. ಮೊದಲು ಅವರಿಗೇ ಫೋನ್ ಮಾಡಿ. ಹಿಂದೆ ಏನಾಗಿತ್ತು, ಅಡ್ರಿನಾಲಿನ್ ಇಂಜೆಕ್ಷನ್ ಜೊತೆಗೆ ತರುತ್ತಾರಾ, ಬ್ಯಾಗಿನಲ್ಲಿ ಎಲ್ಲಿ ಇಡುತ್ತಾರೆ ಅಂತ ಕೇಳಿ. ಪಿಸ್ತಾ ಬಗ್ಗೆಯೂ ಕೇಳಿ. ಗೋಡಂಬಿ ಆಗದ ಬಹಳ ಜನರಿಗೆ ಅದೂ ಆಗುವುದಿಲ್ಲ. ಕೇಳಿದರೆ ಅವರು ಬೇಜಾರು ಮಾಡಿಕೊಳ್ಳುವುದಿಲ್ಲ, ನಿರಾಳವಾಗುತ್ತಾರೆ.

ಶೇಂಗಾ ಹಾಕದೆ ಅಡುಗೆ ಮಾಡುವುದು ಕಷ್ಟವಲ್ಲ. ಕಷ್ಟ ಇರುವುದು ಪಾತ್ರೆಯಲ್ಲಿ. ಮಿಕ್ಸಿ ಜಾರಿನ ಬ್ಲೇಡಿನ ಕೆಳಗೆ, ಮುಚ್ಚಳದ ರಬ್ಬರಿನಲ್ಲಿ ಪುಡಿ ಉಳಿದಿರುತ್ತದೆ. ಮರದ ಸೌಟಿನ ಬಿರುಕಿನಲ್ಲೂ ಅಷ್ಟೇ. ಆ ದಿನ ಮನೆಯಲ್ಲಿ ಶೇಂಗಾ ಡಬ್ಬಿ ತೆಗೆಯಲೇಬೇಡಿ. ಕಟ್ಟೆ, ಪಾತ್ರೆ, ಕೈ ಎಲ್ಲವನ್ನೂ ಸೋಪು ಹಾಕಿ ತೊಳೆಯಿರಿ. ಸ್ಯಾನಿಟೈಸರ್ ಹಚ್ಚಿದರೆ ಶೇಂಗಾ ಅಂಶ ಹೋಗುವುದಿಲ್ಲ. ಮಸಾಲೆಗೆ ಹೊಸ ಪ್ಯಾಕೆಟ್ ಒಡೆಯಿರಿ. ಹಳೇ ಡಬ್ಬಿಯೊಳಗೆ ಯಾವ ಚಮಚ ಹೋಗಿತ್ತು ಅಂತ ಯಾರಿಗೆ ಗೊತ್ತು?

ನಮಗೆ ಆಗಿದ್ದು ಸಂಕಷ್ಟಿ ದಿನ, ನೆಂಟರ ಮನೆಯಲ್ಲಿ. ಎಲ್ಲರಿಗೂ ಶೇಂಗಾ ಪುಡಿ ಹಾಕಿದ ಸಾಬುದಾಣೆ ಖಿಚಡಿ, ಮಗನಿಗೆ ಬೇರೆ ಬಾಣಲೆಯಲ್ಲಿ ಬಟಾಟೆ ಪಲ್ಯ. ಆದರೆ ಖಿಚಡಿ ಕೆದಕಿದ ಸೌಟಿನಿಂದಲೇ ಪಲ್ಯವನ್ನೂ ಕೆದಕಿದ್ದರು. ಸ್ವಲ್ಪ ಹೊತ್ತಿಗೆ ನಾಲಿಗೆ ತುರಿಸುತ್ತೆ ಅಂದ. ಆಮೇಲೆ ಹೊಟ್ಟೆನೋವು, ವಾಂತಿ. ಮೈಮೇಲೆ ಒಂದು ದದ್ದೂ ಇರಲಿಲ್ಲ. ಹಾಗಾಗಿ ಪಿತ್ತ ಇರಬೇಕು ಅಂತ ಯಾರೋ ಜೀರಿಗೆ ನೀರು ತಂದರು. ಅಷ್ಟರಲ್ಲಿ ಅವನ ದನಿ ಒಡೆಯಿತು, ಒಣ ಕೆಮ್ಮು ಶುರುವಾಯಿತು. ನಾನು ಅಡ್ರಿನಾಲಿನ್ ಇಂಜೆಕ್ಷನ್ ಪೆನ್ ತೆಗೆದು ತೊಡೆಗೆ ಚುಚ್ಚಿದೆ. ಆಸ್ಪತ್ರೆ ಸೇರುವ ಹೊತ್ತಿಗೆ ಉಸಿರು ಸಲೀಸಾಗಿತ್ತು. ಆದರೂ ರಾತ್ರಿಯಿಡೀ ಅಲ್ಲೇ ಇರಿಸಿಕೊಂಡರು.

ಹಡಪ್ಸರದಿಂದ ಒಬ್ಬರು: ನಮ್ಮ ಅಮ್ಮನಿಗೂ ಶೇಂಗಾ ತಿಂದರೆ ಗ್ಯಾಸ್ ಆಗುತ್ತೆ. ಹುರಿದು ಸಿಪ್ಪೆ ತೆಗೆದು ಕೊಟ್ಟರೆ ಏನೂ ಆಗಲ್ಲ. ಅದನ್ನು ಟ್ರೈ ಮಾಡಿ.

ಕೊಥ್ರುಡ್‌ನ ತಾಯಿ: ಅಣ್ಣಾ, ಇದು ಗ್ಯಾಸ್ ಅಲ್ಲ. ಹುರಿದರೆ ಶೇಂಗಾ ಅಲರ್ಜಿ ಕಡಿಮೆಯಾಗಲ್ಲ. ದಯವಿಟ್ಟು ಯಾರಿಗೂ ಹೀಗೆ ಹೇಳಬೇಡಿ.

ವಾಕಡ್‌ನಿಂದ ಒಬ್ಬರು: ಮನೆಯಲ್ಲಿ ಸಿಟ್ರಿಜಿನ್ ಇಟ್ಟುಕೊಳ್ಳಿ. ದದ್ದು ಎದ್ದ ತಕ್ಷಣ ಒಂದು ಮಾತ್ರೆ ಕೊಟ್ಟರೆ ಇಳಿಯುತ್ತೆ. ನಾನೇ ನೋಡಿದ್ದೇನೆ.

ತುರ್ತು ವಿಭಾಗದಲ್ಲಿ ಕೆಲಸ ಮಾಡುವ ನರ್ಸ್: ಬರೀ ನಾಲ್ಕು ದದ್ದು, ಬರೀ ತುರಿಕೆ ಇದ್ದಾಗ ಆ ಮಾತ್ರೆಯಿಂದ ಆರಾಮ ಸಿಗುತ್ತದೆ, ನಿಜ. ಆದರೆ ಉಸಿರುನಾಳ ಊದುವುದನ್ನು, ಬಿಪಿ ಬೀಳುವುದನ್ನು ಅದು ತಡೆಯುವುದಿಲ್ಲ. ಅದನ್ನು ತಡೆಯುವುದು ಅಡ್ರಿನಾಲಿನ್. ಮಾತ್ರೆ ಕೊಟ್ಟು ನೋಡೋಣ ಅಂತ ಕಾಯುವುದರಲ್ಲೇ ಹೊತ್ತು ಹೋಗುತ್ತದೆ.

ನಾನು ನೋಡುವುದು ಹೀಗೆ. ತಿಂದ ಕೆಲವು ನಿಮಿಷದಲ್ಲಿ, ಹೆಚ್ಚೆಂದರೆ ಎರಡು ಗಂಟೆಯೊಳಗೆ, ದೇಹದ ಎರಡು ಕಡೆ ತೊಂದರೆ ಕಾಣಿಸಿತಾ? ದದ್ದಿನ ಜೊತೆ ವಾಂತಿ, ತುಟಿ ಊತದ ಜೊತೆ ಕೆಮ್ಮು, ಹೀಗೆ. ಕಂಡರೆ ಕಾಯಬೇಡಿ. ದನಿ ಬದಲಾದರೆ, ಗಂಟಲು ಕಟ್ಟಿದರೆ, ಉಸಿರಿಗೆ ಸುಂಯ್ ಸದ್ದು ಬಂದರೆ, ತಲೆಸುತ್ತಿ ಬಿಳಿಚಿಕೊಂಡರೆ ಅದೊಂದೇ ಸಾಕು. ಚರ್ಮದ ಮೇಲೆ ಏನೂ ಕಾಣದೆಯೂ ಆಗಬಹುದು, ಈ ಅಕ್ಕನ ಮಗನಿಗೆ ಆದ ಹಾಗೆ.

ಇಂಜೆಕ್ಷನ್ ತೊಡೆಯ ಹೊರಬದಿಯ ನಡುಭಾಗಕ್ಕೆ. ಪ್ಯಾಂಟಿನ ಮೇಲಿಂದಲೇ ಪೆನ್ ಚುಚ್ಚಬಹುದು. 108ಕ್ಕೆ ಫೋನ್ ಮಾಡಿ. ಅವರನ್ನು ಮಲಗಿಸಿ ಕಾಲು ಸ್ವಲ್ಪ ಎತ್ತಿಡಿ. ಉಸಿರು ಕಷ್ಟವಾದರೆ ಒರಗಿ ಕೂರಿಸಿ. ಎಬ್ಬಿಸಿ ಲಿಫ್ಟ್‌ವರೆಗೆ ನಡೆಸಲೇಬೇಡಿ, ಎದ್ದು ನಿಂತಾಗ ಬಿಪಿ ಒಮ್ಮೆಲೇ ಕುಸಿಯಬಹುದು. 5 ನಿಮಿಷದಲ್ಲಿ ಸುಧಾರಿಸದಿದ್ದರೆ, ಎರಡನೇ ಪೆನ್ ಇದ್ದರೆ ಅದನ್ನೂ ಕೊಡಿ. ಆರಾಮ ಅನಿಸಿದರೂ ಆಸ್ಪತ್ರೆಗೆ ಹೋಗಲೇಬೇಕು, ಕೆಲವರಿಗೆ ಕೆಲವು ಗಂಟೆ ಬಿಟ್ಟು ಮತ್ತೆ ಬರುತ್ತದೆ. ನಮ್ಮಲ್ಲಿ ಪೆನ್ ಸುಲಭಕ್ಕೆ ಸಿಗುವುದಿಲ್ಲ. ಕೆಲವರು ಡಾಕ್ಟರ್ ಹೇಳಿಕೊಟ್ಟ ಹಾಗೆ ಆಂಪೂಲ್, ಸಿರಿಂಜ್ ಇಟ್ಟುಕೊಂಡಿರುತ್ತಾರೆ. ನಿಮ್ಮ ಅತಿಥಿ ಬಂದ ತಕ್ಷಣ, ಅವರು ತಂದಿದ್ದನ್ನು ಬಳಸುವ ಬಗೆ ತೋರಿಸಿ ಅಂತ ಕೇಳಿ.

ವಾಕಡ್‌ನವರು: ದನಿ ಬದಲಾಗುವ ವಿಷಯ ಗೊತ್ತಿರಲಿಲ್ಲ. ಎಣ್ಣೆಯ ಕಥೆ ಏನು? ರಿಫೈನ್ಡ್ ಶೇಂಗಾ ಎಣ್ಣೆ ಆಗುತ್ತೆ ಅಂತ ಓದಿದ್ದೆ.

ನರ್ಸ್: ಚೆನ್ನಾಗಿ ಶುದ್ಧ ಮಾಡಿದ ಎಣ್ಣೆಯಲ್ಲಿ ಪ್ರೋಟೀನ್ ಬಹುಪಾಲು ಹೋಗಿರುತ್ತದೆ, ಹೆಚ್ಚಿನವರಿಗೆ ತೊಂದರೆಯಾಗುವುದಿಲ್ಲ. ಗಾಣದ ಎಣ್ಣೆ ಹಾಗಲ್ಲ, ಅದರಲ್ಲಿ ಉಳಿದಿರುತ್ತದೆ.

ಕೊಥ್ರುಡ್‌ನ ತಾಯಿ: ನಾನಂತೂ ಎರಡನ್ನೂ ನಂಬುವುದಿಲ್ಲ. ಒಂದು ಸೂರ್ಯಕಾಂತಿ ಎಣ್ಣೆ ಪ್ಯಾಕೆಟ್ ತಂದುಬಿಡಿ.

ಪ್ರಶ್ನೆ ಕೇಳಿದವರು: ಫೋನ್ ಮಾಡಿದೆ. ಪೆನ್ ತರ್ತಾರಂತೆ, ಬ್ಯಾಗಿನ ಮುಂದಿನ ಜೇಬಲ್ಲಿ ಇರುತ್ತೆ. ಕೊಬ್ಬರಿ, ಎಳ್ಳು, ಪುಟಾಣಿ ಎಲ್ಲಾ ನಡೆಯುತ್ತೆ ಅಂದರು. ಎಣ್ಣೆಗಾಯಿಗೆ ಶೇಂಗಾ ಬದಲು ಎಳ್ಳು, ಕೊಬ್ಬರಿ ಹಾಕ್ತೀನಿ, ಹೊಸ ಮಿಕ್ಸಿ ಜಾರು ತಂದಾಯ್ತು. ಸಿಹಿಗೆ ಮನೆಯಲ್ಲೇ ಶಾವಿಗೆ ಪಾಯಸ, ದ್ರಾಕ್ಷಿ ಮಾತ್ರ. ಒಂದು ಅನುಮಾನ ಉಳಿದಿದೆ: ಜೋಳದ ಹಿಟ್ಟು ಗಿರಣಿಯಲ್ಲಿ ಹಾಕಿಸಿದ್ದು. ಅಲ್ಲಿ ಬೇರೆಯವರು ಏನೇನು ಹಾಕಿಸಿರುತ್ತಾರೋ?

ಕೊಥ್ರುಡ್‌ನ ತಾಯಿ: ಗಿರಣಿಯವರನ್ನು ಕೇಳಿದರೆ ಖಾತ್ರಿ ಉತ್ತರ ಸಿಗುವುದಿಲ್ಲ. ಪ್ಯಾಕೆಟ್ ಹಿಟ್ಟು ತಂದು, ಹಿಂದೆ ಅಲರ್ಜಿ ಬಗ್ಗೆ ಏನು ಬರೆದಿದೆ ಓದಿ. ಆ ಪ್ಯಾಕೆಟ್ ಎಸೆಯದೆ ಇಟ್ಟುಕೊಳ್ಳಿ, ಅವರೂ ಒಮ್ಮೆ ನೋಡಲಿ.